ಹೋಲಿಕೆಯ ವಿಡಿಯೊದಲ್ಲಿ ಅಡಗಿದ ಪಕ್ಷಪಾತ: ಎಫ್‌ಡಿ ಮತ್ತು ಎನ್‌ಎಸ್‌ಸಿ ಕುರಿತ ಒಂದು ವಿಶ್ಲೇಷಣೆ

ಎರಡು ಉಳಿತಾಯ ಯೋಜನೆಗಳನ್ನು ಹೋಲಿಸುವ ವಿಡಿಯೊ ಸುಳ್ಳು ಹೇಳದೆಯೂ ವಾಲಬಹುದು. ಪ್ರತಿ ವಾಕ್ಯವೂ ನಿಜವಿದ್ದು ಒಟ್ಟು ತೀರ್ಮಾನ ಮಾತ್ರ ತಪ್ಪಾಗುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ. ಅದಕ್ಕೆ ಬ್ಯಾಂಕಿನ ಐದು ವರ್ಷದ ಎಫ್‌ಡಿ ಮತ್ತು ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ, ಅಂದರೆ ಎನ್‌ಎಸ್‌ಸಿ, ಈ ಎರಡನ್ನು ಆರಿಸಿಕೊಂಡಿದ್ದೇನೆ. ಎರಡರ ಅವಧಿಯೂ ಒಂದೇ, ಎರಡರ ಬಡ್ಡಿಗೂ ತೆರಿಗೆ ಉಂಟು. ಆದ್ದರಿಂದ ವಾಲುವಿಕೆ ಎಲ್ಲಿಂದ ಬಂತೆಂದು ಗುರುತಿಸುವುದು ಸುಲಭ.

ಮೊದಲು ಲೆಕ್ಕ. ಎಫ್‌ಡಿಗೆ ಶೇ 7 ಬಡ್ಡಿ ಎಂದು ಊಹಿಸೋಣ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿದರೆ 1 ಲಕ್ಷ ರೂಪಾಯಿ ಐದು ವರ್ಷಕ್ಕೆ 1,41,478 ಆಗುತ್ತದೆ. ಎನ್‌ಎಸ್‌ಸಿಗೆ 2023ರ ಏಪ್ರಿಲ್‌ನಲ್ಲಿ ನಿಗದಿಯಾದ ದರ ಶೇ 7.7, ಚಕ್ರಬಡ್ಡಿ ವರ್ಷಕ್ಕೊಮ್ಮೆ. ಅಲ್ಲಿ ಅದೇ ಹಣ 1,44,903 ಆಗುತ್ತದೆ. ಇನ್ನು ಎಫ್‌ಡಿಯಲ್ಲಿ ಹೆಚ್ಚಾದ 41,478 ರೂಪಾಯಿಯನ್ನು ಐದರಿಂದ ಭಾಗಿಸಿ ‘ವಾರ್ಷಿಕ ಗಳಿಕೆ ಶೇ 8.30’ ಎಂದು ತೆರೆಯ ಮೇಲೆ ಹಾಕಿ, ಪಕ್ಕದಲ್ಲಿ ಎನ್‌ಎಸ್‌ಸಿಯ ಶೇ 7.7 ಇಟ್ಟರೆ ಸೋತದ್ದು ಗೆದ್ದಂತೆ ಕಾಣುತ್ತದೆ. ಅದೇ ಭಾಗಾಕಾರ ಮಾಡಿದರೆ ಎನ್‌ಎಸ್‌ಸಿಯದು ಶೇ 8.98! ಆದ್ದರಿಂದ ನನ್ನ ಮೊದಲ ಸೂತ್ರ: ಶೇಕಡಾವಾರು ದರ ಹಿಂದೆ ಸರಿಯಲಿ, ಒಂದೇ ಮೊತ್ತ ಒಂದೇ ಅವಧಿಗೆ ಎಷ್ಟು ರೂಪಾಯಿ ಆಯಿತು ಎಂಬುದು ಮುಂದೆ ಬರಲಿ.

ಚಿತ್ರ ಬರೆಯುವಾಗ ಇದೇ ತಪ್ಪು ಎದುರು ದಿಕ್ಕಿನಲ್ಲಿ ನಡೆಯುತ್ತದೆ. ಕಂಬನಕ್ಷೆಯ ತಳವನ್ನು ಸೊನ್ನೆಯ ಬದಲು 1,35,000ದಿಂದ ಆರಂಭಿಸಿದರೆ ಎನ್‌ಎಸ್‌ಸಿಯ ಕಂಬ ಎಫ್‌ಡಿಯದಕ್ಕಿಂತ ಒಂದೂವರೆ ಪಟ್ಟು ಎತ್ತರವಾಗುತ್ತದೆ. ನಿಜವಾದ ವ್ಯತ್ಯಾಸ ಶೇ 2.4 ಮಾತ್ರ.

ಇವು ಸಣ್ಣ ಕೈಚಳಕಗಳು. ಲೆಕ್ಕ ಬಲ್ಲವರು ಹಿಡಿದುಬಿಡುತ್ತಾರೆ. ಹಿಡಿಯಲಾಗದ ಪಕ್ಷಪಾತ ಬೇರೆ ಕಡೆ ಇದೆ. ಎಫ್‌ಡಿಯ ಪರ ವಿಡಿಯೊ ಎರಡನೇ ನಿಮಿಷದಲ್ಲಿ ‘ಬೇಕಾದಾಗ ಮುರಿಸಬಹುದು’ ಎನ್ನುತ್ತದೆ, ಐದನೇ ನಿಮಿಷದಲ್ಲಿ ‘ತೆರಿಗೆ ವಿನಾಯಿತಿಯೂ ಇದೆ’ ಎನ್ನುತ್ತದೆ. ಎರಡೂ ನಿಜ, ಆದರೆ ಒಂದೇ ಠೇವಣಿಗೆ ಅಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಸಿಗುವುದು ತೆರಿಗೆ ಉಳಿತಾಯದ ಎಫ್‌ಡಿಗೆ. ಅದನ್ನು ಐದು ವರ್ಷದೊಳಗೆ ಮುರಿಸುವಂತಿಲ್ಲ. ಮುರಿಸಬಹುದಾದ ಸಾಮಾನ್ಯ ಎಫ್‌ಡಿಗೆ ಆ ವಿನಾಯಿತಿ ಇಲ್ಲ. ಎರಡರ ಒಳ್ಳೆಯ ಗುಣಗಳನ್ನು ಒಂದೇ ಹೆಸರಿನಡಿ ಕೂಡಿಸಿದಾಗ, ಯಾವ ಬ್ಯಾಂಕಿನಲ್ಲೂ ಇಲ್ಲದ ಠೇವಣಿಯೊಂದು ಎನ್‌ಎಸ್‌ಸಿಯನ್ನು ಸೋಲಿಸುತ್ತದೆ. ಹಾಗಾಗಿ ಯಾವ ಎಫ್‌ಡಿ ಎಂಬುದನ್ನು ಮೊದಲ ನಿಮಿಷದಲ್ಲೇ ಹೇಳಿ, ಕೊನೆಯವರೆಗೂ ಆ ಹೆಸರನ್ನೇ ತೆರೆಯ ಮೂಲೆಯಲ್ಲಿ ಉಳಿಸಬೇಕು.

‘ಮುರಿಸಬಹುದು’ ಎಂಬ ಮಾತಿಗೂ ಬೆಲೆ ಕಟ್ಟಬೇಕು. ಅವಧಿಗೆ ಮುನ್ನ ಮುರಿಸಿದರೆ, ಹಣ ನಿಜವಾಗಿ ಇದ್ದ ಅವಧಿಯ ದರದಲ್ಲಿ ದಂಡ ಕಳೆದು ಬಡ್ಡಿ ಕೊಡುವುದು ಬ್ಯಾಂಕುಗಳ ವಾಡಿಕೆ. ಎರಡು ವರ್ಷದ ದರ ಶೇ 6.75, ದಂಡ ಶೇ 1 ಇದ್ದರೆ ಕೈಗೆ ಬರುವುದು 1,12,096. ಶೇ 7ರ ಲೆಕ್ಕದಲ್ಲಿ ನಿರೀಕ್ಷಿಸಿದ್ದು 1,14,888. ಎನ್‌ಎಸ್‌ಸಿಯಲ್ಲಿ ಈ ಆಯ್ಕೆಯೇ ಇಲ್ಲ. ಖಾತೆದಾರರ ಮರಣ, ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭಗಳಲ್ಲಿ ಅದನ್ನು ಮೊದಲೇ ಮುಚ್ಚಬಹುದು. ಮಗಳ ಕಾಲೇಜು ಶುಲ್ಕ ಮೂರನೇ ವರ್ಷಕ್ಕೇ ಬೇಕಾದ ಮನೆಗೆ ಕಳೆದುಹೋದ 2,792 ರೂಪಾಯಿ ಅಗ್ಗದ್ದೇ ಸರಿ.

ವಿಡಿಯೊದ ಕ್ರಮವೂ ಇದರಿಂದಲೇ ಹೊರಡುತ್ತದೆ. ಒಂದು ಯೋಜನೆಯ ಕಥೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ, ಎರಡನೆಯದು ಮೊದಲನೆಯದರ ಅಳತೆಗೋಲಿಗೆ ಸಿಕ್ಕಿಬೀಳುತ್ತದೆ. ಬದಲಿಗೆ ಕೈಗೆ ಬರುವ ಮೊತ್ತ, ನಡುವೆ ಹಣ ತೆಗೆಯುವ ಅವಕಾಶ, ತೆರಿಗೆ, ಭದ್ರತೆ ಹೀಗೆ ಒಂದೊಂದೇ ಪ್ರಶ್ನೆಗೆ ಎರಡರ ಉತ್ತರವನ್ನೂ ಕೊಡಬೇಕು. ಪ್ರತಿ ಪ್ರಶ್ನೆಗೂ ಮೊದಲು ಬರುವ ಹೆಸರನ್ನು ಅದಲುಬದಲು ಮಾಡಬೇಕು. ಪ್ರಶ್ನೆಗಳ ಪಟ್ಟಿಯನ್ನು ಲೆಕ್ಕ ಹಾಕುವ ಮುನ್ನವೇ ಬರೆದಿಟ್ಟುಕೊಳ್ಳುವುದು ಲೇಸು, ಗೆದ್ದವರಿಗೆ ಅನುಕೂಲವಾದ ಪ್ರಶ್ನೆ ಆಮೇಲೆ ನುಸುಳುವುದು ತಪ್ಪುತ್ತದೆ. ಭದ್ರತೆಯ ಪ್ರಶ್ನೆ ಹಾಗೆ ಬಿಟ್ಟುಹೋಗುವುದೇ ಹೆಚ್ಚು: ಬ್ಯಾಂಕ್ ಠೇವಣಿಗೆ ವಿಮೆ ಅಸಲು–ಬಡ್ಡಿ ಸೇರಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ, ಎನ್‌ಎಸ್‌ಸಿಗೆ ಕೇಂದ್ರ ಸರ್ಕಾರವೇ ಹೊಣೆ.

ಸ್ಕ್ರಿಪ್ಟಿನಲ್ಲಿ ಎರಡೂ ಹೆಸರುಗಳನ್ನು ಅದಲುಬದಲು ಮಾಡಿ ಗಟ್ಟಿಯಾಗಿ ಓದುವುದು ಒಳ್ಳೆಯ ಪರೀಕ್ಷೆ. ‘ಎನ್‌ಎಸ್‌ಸಿಯಲ್ಲಿ ಹಣ ಸಿಕ್ಕಿಹಾಕಿಕೊಳ್ಳುತ್ತದೆ’ ಎಂದು ಬರೆದವರು, ತೆರಿಗೆ ಉಳಿತಾಯದ ಎಫ್‌ಡಿಗೂ ಅದೇ ಕ್ರಿಯಾಪದ ಬಳಸಿದ್ದಾರೆಯೇ, ಇಲ್ಲಾ ‘ಶಿಸ್ತು ಬರುತ್ತದೆ’ ಎಂದಿದ್ದಾರೆಯೇ?

ಪ್ರಾಯೋಜಕರಿದ್ದರೆ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ 2021ರ ಮಾರ್ಗಸೂಚಿ ಅನ್ವಯಿಸುತ್ತದೆ: ಎರಡು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊದಲ್ಲಿ, ಪ್ರಾಯೋಜಕರ ಉತ್ಪನ್ನದ ಮಾತು ನಡೆಯುವಷ್ಟು ಹೊತ್ತೂ ಜಾಹೀರಾತೆಂಬ ಸೂಚನೆ ತೆರೆಯ ಮೇಲಿರಬೇಕು. ವಿವರಣೆಯ ಕೊನೆಯ ಸಾಲಿನಲ್ಲಿ ಅದನ್ನು ಬರೆದು ಕೈತೊಳೆದುಕೊಳ್ಳುವಂತಿಲ್ಲ.

ತೀರ್ಪು ಷರತ್ತಿನ ರೂಪದಲ್ಲಿರುವುದೇ ಸರಿ: ಐದು ವರ್ಷ ಹಣವನ್ನು ಮುಟ್ಟುವುದಿಲ್ಲವೆಂದಾದರೆ ಈ ದರಗಳಲ್ಲಿ ಎನ್‌ಎಸ್‌ಸಿ, ನಡುವೆ ಬೇಕಾಗಬಹುದಾದರೆ ಸಾಮಾನ್ಯ ಎಫ್‌ಡಿ. ಕೊಂಡ ದಿನದ ದರ ಎನ್‌ಎಸ್‌ಸಿಗೆ ಕೊನೆಯವರೆಗೂ ಉಳಿದರೂ, ಹೊಸದಾಗಿ ಕೊಳ್ಳುವವರ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಆದ್ದರಿಂದ ದರ ಕಾಣುವ ಪ್ರತಿ ದೃಶ್ಯದಲ್ಲೂ ತಾರೀಖು ಇರಬೇಕು, ಎಫ್‌ಡಿ ಎಷ್ಟು ಶೇಕಡ ಮುಟ್ಟಿದರೆ ತೀರ್ಪು ತಿರುಗುತ್ತದೆಂಬುದನ್ನೂ ಹೇಳಬೇಕು. ಮೇಲಿನ ಲೆಕ್ಕದಲ್ಲಿ ಆ ಗಡಿ ಸುಮಾರು ಶೇ 7.5.