ಮೂರು ಕ್ರಿಸ್ಮಸ್, ಮೂರು ಪದ

ಶೋಕವು ಸಮಾಧಾನದತ್ತ ಸಾಗುವ ದಾರಿಯನ್ನು ಒಂದೇ ಪದದ ಬದಲಾವಣೆಯಲ್ಲಿ ಗುರುತಿಸಬಹುದೇ? ಇಂಗ್ಲಿಷ್ ಕವಿ ಟೆನಿಸನ್‌ನ ‘ಇನ್ ಮೆಮೋರಿಯಂ’ ಎಂಬ ಶೋಕಕಾವ್ಯದಲ್ಲಿ ಗುರುತಿಸಬಹುದು. ಅವನ ಆಪ್ತಮಿತ್ರ ಆರ್ಥರ್ ಹ್ಯಾಲಮ್ 1833ರಲ್ಲಿ, 22ನೆಯ ವಯಸ್ಸಿನಲ್ಲಿ, ವಿಯೆನ್ನಾದಲ್ಲಿ ಹಠಾತ್ತನೆ ಮೃತನಾದನು. ಕಾವ್ಯ ಪ್ರಕಟವಾದದ್ದು 1850ರಲ್ಲಿ.

ಕಾವ್ಯದೊಳಗೆ ಕ್ರಿಸ್ಮಸ್ ಮೂರು ಬಾರಿ ಬರುತ್ತದೆ. ಹಬ್ಬದ ಮುನ್ನಾದಿನದ ಸಂಜೆ ಇಳಿದುದನ್ನು ಹೇಳುವ ಸಾಲು ಮೂರು ಸಲವೂ ಹೆಚ್ಚುಕಡಿಮೆ ಒಂದೇ. ಆದರೆ ಸಂಜೆ ಹೇಗೆ ಇಳಿಯಿತೆನ್ನುವ ಪದ ಮಾತ್ರ ಪ್ರತಿಸಲವೂ ಬೇರೆ. ಮೊದಲ ವರ್ಷ ಅದು ‘ದುಃಖದಿಂದ’ ಇಳಿಯಿತು. ಮನೆಯವರ ನಲಿವು ಬರಿಯ ತೋರಿಕೆ. ಎರಡನೆಯ ವರ್ಷ ‘ಶಾಂತವಾಗಿ’ ಇಳಿಯಿತು, ಆಟಪಾಟಗಳು ಮರಳಿವೆ. ಹಾಗಾದರೆ ದುಃಖ ಕುಂದಿತೇ ಎಂದು ಕವಿ ಬೆಚ್ಚುತ್ತಾನೆ. ಇಲ್ಲ, ಬತ್ತಿದ್ದು ಕಣ್ಣೀರು ಮಾತ್ರ ಎಂಬುದು ಅವನ ಉತ್ತರ. ಮೂರನೆಯ ವರ್ಷದ ಪದ ‘ಅಪರಿಚಿತವಾಗಿ’. ಕುಟುಂಬ ಹಳೆಯ ಊರನ್ನು ಬಿಟ್ಟಿದೆ. ಕೇಳಿಬರುವ ಗಂಟೆಯ ದನಿ ಬೇರೊಂದು ದೇವಾಲಯದ್ದು. ಇಲ್ಲಿ ‘ಇಳಿಯಿತು’ ಎಂಬುದೂ ‘ಇಳಿಯುತ್ತದೆ’ ಎಂದಾಗುತ್ತದೆ. ಕವಿ ಈಗ ಹಿಂದಿನದನ್ನು ನೆನೆಯುತ್ತಿಲ್ಲ, ಇಂದಿನ ಸಂಜೆಯಲ್ಲಿ ನಿಂತಿದ್ದಾನೆ.

ಆದರೆ ಇದನ್ನು ದಿನಚರಿಯೆಂದು ಓದಬಾರದು. ಹಲವು ವರ್ಷ ಬಿಡಿಬಿಡಿಯಾಗಿ ಬರೆದುದನ್ನು ಕವಿ ಆಮೇಲೆ ಸುಮಾರು ಮೂರು ವರ್ಷಗಳ ಕಥೆಯಾಗಿ ಜೋಡಿಸಿದನು. ಕುಟುಂಬ ಸೋಮರ್ಸ್‌ಬಿಯನ್ನು ಬಿಟ್ಟದ್ದು 1837ರಲ್ಲಿ. ಎಂದರೆ, ಆ ಮೂರನೆಯ ಕ್ರಿಸ್ಮಸ್ ನಿಜವಾಗಿ ಮಿತ್ರನ ಮರಣಾನಂತರದ ಐದನೆಯದು. ಆದ್ದರಿಂದ, ಸಾವಿನ ಮನೆಯವರನ್ನು ‘ಇನ್ನೂ ಅಳುವಿರೇ?’ ಎಂದು ಕೇಳುವ ಮುನ್ನ ನೆನೆಯೋಣ: ಕವಿಗೂ ಸಮಾಧಾನವು ಕಾವ್ಯ ತೋರುವುದಕ್ಕಿಂತ ತಡವಾಗಿಯೇ ಬಂದಿತ್ತು.