ರೂಮಿನ ಕೆಲಸ ಹಂಚಿಕೊಳ್ಳೋಣ ಎಂದು ಕೇಳುವುದು ಹೇಗೆ? ಕಿರಿಕಿರಿ ಅನಿಸಬಾರದು, ಮನಸ್ಸೂ ಕೆಡಬಾರದು

ಜುಬೈಲ್, ದಮ್ಮಾಮ್, ರಿಯಾದ್, ಜಿದ್ದಾ ಎಲ್ಲೇ ಇರಲಿ, ಊರಿನವರು ಮೂರ್ನಾಲ್ಕು ಮಂದಿ ಸೇರಿ ಮಾಡಿಕೊಂಡ ಬ್ಯಾಚುಲರ್ ರೂಮಿನಲ್ಲಿ ಮೊದಲ ಜಗಳ ಬರುವುದು ಹೆಚ್ಚಾಗಿ ಬಾಡಿಗೆ ವಿಷಯಕ್ಕಲ್ಲ, ಸಿಂಕಿನಲ್ಲಿ ಉಳಿದ ಪಾತ್ರೆಯ ವಿಷಯಕ್ಕೆ. ಬಾಡಿಗೆಗೆ ಲೆಕ್ಕ ಇದೆ, ಮೆಸ್ಸಿನ ಖರ್ಚಿಗೂ ಲೆಕ್ಕ ಇದೆ. ಕೆಲಸಕ್ಕೆ ಮಾತ್ರ ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಆ ಲೆಕ್ಕ ಒಬ್ಬೊಬ್ಬರ ಮನಸ್ಸಿನಲ್ಲೇ ಬೆಳೆಯುತ್ತಾ ಹೋಗುತ್ತದೆ.

ಡ್ಯೂಟಿ ಸಮಯ ಬೇರೆ ಬೇರೆ ಇರುವ ರೂಮಿನಲ್ಲಿ ಇದು ಇನ್ನೂ ಜಾಸ್ತಿ. ಒಬ್ಬ ಬರುವಾಗ ಇನ್ನೊಬ್ಬ ಹೊರಟಿರುತ್ತಾನೆ. ಹಾಗಾಗಿ ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ಕಣ್ಣಾರೆ ನೋಡುವುದೇ ಇಲ್ಲ. ತಾನು ಮಾಡಿದ್ದು ಮಾತ್ರ ಪೂರ್ತಿ ನೆನಪಿರುತ್ತದೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಸಂಶೋಧಕರು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಯ ಒಂದೊಂದು ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದ್ದರು. ಹೆಚ್ಚಿನ ಕೆಲಸಗಳಲ್ಲಿ ಇಬ್ಬರೂ ಹೇಳಿದ್ದನ್ನು ಕೂಡಿಸಿದರೆ ಒಟ್ಟು ಕೆಲಸಕ್ಕಿಂತ ಜಾಸ್ತಿ ಆಗುತ್ತಿತ್ತು. ಒಂದೇ ಮನೆಯಲ್ಲಿರುವ ಗಂಡ ಹೆಂಡತಿಗೇ ಹೀಗಾದರೆ, ಶಿಫ್ಟ್‌ನಲ್ಲಿ ದುಡಿಯುವ ರೂಮ್‌ಮೇಟ್‌ಗಳಿಗೆ ಆಗುವುದರಲ್ಲಿ ಆಶ್ಚರ್ಯವೇನಿಲ್ಲ.

ಉದಾಹರಣೆಗೆ ಜುಬೈಲಿನ ಒಂದು ಫ್ಲಾಟ್ ಎಂದುಕೊಳ್ಳೋಣ. ಮೂರು ಜನ ಇದ್ದಾರೆ. ಒಬ್ಬ ಆಫೀಸಿನಲ್ಲಿ, ಸಂಜೆ ಐದೂವರೆಗೆ ರೂಮಿಗೆ ಬರುತ್ತಾನೆ. ಒಬ್ಬ ಡ್ರೈವರ್. ಇನ್ನೊಬ್ಬ ಸೂಪರ್ ಮಾರ್ಕೆಟ್‌ನಲ್ಲಿ, ಬೆಳಗ್ಗೆ ಹತ್ತಕ್ಕೆ ಹೋಗಿ ಮಧ್ಯಾಹ್ನ ಬ್ರೇಕ್ ತೆಗೆದುಕೊಂಡು ರಾತ್ರಿ ಹನ್ನೊಂದೂವರೆಗೆ ಮರಳುತ್ತಾನೆ. ಮೊದಲು ಬರುವವ ಎಂಬ ಒಂದೇ ಕಾರಣಕ್ಕೆ ಅಡುಗೆ ಆಫೀಸಿನವನ ಪಾಲಿಗೆ ಬಿದ್ದಿದೆ. ಸೂಪರ್ ಮಾರ್ಕೆಟ್‌ನವ ರಾತ್ರಿ ಉಂಡು, ತಟ್ಟೆ ಸಿಂಕಿಗೆ ಹಾಕಿ ಮಲಗುತ್ತಾನೆ. ಮರುದಿನ ಸಂಜೆ ಅಡುಗೆಗೆ ನಿಂತವ ಮೊದಲು ಆ ಪಾತ್ರೆ ತೊಳೆಯಬೇಕು. ಆರು ತಿಂಗಳು ಬಾಯಿ ಬಿಡದೆ ತೊಳೆದವ ಒಂದು ದಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆಯುತ್ತಾನೆ: 'ಕೆಲವರಿಗೆ ಇದು ಹೋಟೆಲ್ ಆಗಿದೆ.' ಅಲ್ಲಿಂದ ಮಾತು ಬಂದ್.

ಈ ಮೆಸೇಜಿನಲ್ಲಿ ಎರಡು ತಪ್ಪಿದೆ. 'ಕೆಲವರು' ಎಂದರೆ ಯಾರು ಎಂದು ಎಲ್ಲರಿಗೂ ಗೊತ್ತು, ಅಂದರೆ ಮೂರನೆಯವನ ಮುಂದೆ ಒಬ್ಬನ ಮಾನ ಹೋಯಿತು. ಎರಡನೆಯದು, ಏನು ಮಾಡಬೇಕು ಎಂದು ಅದರಲ್ಲಿ ಹೇಳಿಯೇ ಇಲ್ಲ. ಒಪ್ಪಿಕೊಳ್ಳಲು ಏನೂ ಇಲ್ಲದ ಕಾರಣ ಜಗಳ ಮಾಡುವುದೊಂದೇ ಉಳಿಯುತ್ತದೆ.

ಕೇಳುವುದಾದರೆ ಮುಖಾಮುಖಿ, ಇಬ್ಬರೇ ಇರುವಾಗ ಕೇಳಬೇಕು. ರಾತ್ರಿ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುವ ಹೊತ್ತು ಬೇಡ, ಕೊಳಕು ಸಿಂಕಿನ ಮುಂದೆ ನಿಂತು ಸಿಟ್ಟು ಏರಿದ ಹೊತ್ತೂ ಬೇಡ. ಶುಕ್ರವಾರ ಊಟ ಆದ ಮೇಲೆ ಚಹಾ ಹಿಡಿದು ಕೂತಾಗ ಸರಿ. ಮೊದಲ ಮಾತು ದೂರು ಆಗಬಾರದು, ಪ್ರಶ್ನೆ ಆಗಬೇಕು: 'ಮಾರಾಯ, ನಾವು ಮೂವರೂ ಬೇರೆ ಬೇರೆ ಟೈಮಿನಲ್ಲಿ ಇರ್ತೇವೆ. ನೀನು ಏನೇನು ಮಾಡ್ತೀ ಅಂತ ನನಗೂ ಪೂರ್ತಿ ಗೊತ್ತಿಲ್ಲ. ಎಲ್ಲ ಒಮ್ಮೆ ಬರೆದು ನೋಡುವಾ?'

ಹಾಗೆ ಬರೆದಾಗ ಹೊಸ ವಿಷಯ ಹೊರಬರುತ್ತದೆ. ಆಫೀಸಿನವ ಡ್ಯೂಟಿಗೆ ಹೋದ ಮೇಲೆ ಬಾತ್‌ರೂಮ್ ಉಜ್ಜುವುದು, ನೆಲ ಒರೆಸುವುದು ಸೂಪರ್ ಮಾರ್ಕೆಟ್‌ನವನೇ. ಅದನ್ನು ಯಾರೂ ನೋಡಿಲ್ಲ, ಯಾರೂ ಹೇಳಿಲ್ಲ. ಅವನಿಗೂ ಒಳಗೊಳಗೆ ಬೇಸರ ಇತ್ತು. ಈಗ ಎಷ್ಟು ಸಲ ಎಂದು ಎಣಿಸುವ ಬದಲು ವಾರಕ್ಕೆ ಎಷ್ಟು ನಿಮಿಷ ಎಂದು ಎಣಿಸಬೇಕು. ಕಸ ಹಾಕುವುದೂ ಒಂದು ಕೆಲಸ, ಅಡುಗೆಯೂ ಒಂದು ಕೆಲಸ ಎಂದು ಎಣಿಸಿದರೆ ನ್ಯಾಯ ಸಿಗುವುದಿಲ್ಲ. ಈ ರೂಮಿನಲ್ಲಿ ಆರು ದಿನದ ಅಡುಗೆಗೆ 450 ನಿಮಿಷ, ಪಾತ್ರೆಗೆ 140, ಸಾಮಾನು ತಂದು ಲೆಕ್ಕ ಬರೆಯಲು 90, ಬಾತ್‌ರೂಮಿಗೆ 60, ನೆಲಕ್ಕೆ 50, ಕಸಕ್ಕೆ 35. ಒಟ್ಟು 825 ನಿಮಿಷ, ತಲೆಗೆ 275. ಆದರೆ ಅಡುಗೆ, ಪಾತ್ರೆ ಎರಡೂ ಸೇರಿ ಆಫೀಸಿನವನೊಬ್ಬನೇ 590 ನಿಮಿಷ ಮಾಡುತ್ತಿದ್ದಾನೆ. ಸಾಮಾನು ಮತ್ತು ಕಸ ನೋಡಿಕೊಳ್ಳುವ ಡ್ರೈವರ್ 125, ಸೂಪರ್ ಮಾರ್ಕೆಟ್‌ನವ 110. ಕಾಗದ ನೋಡಿದ ಮೇಲೆ ಯಾರು ಸೋಮಾರಿ ಎಂಬ ಪ್ರಶ್ನೆ ಬರುವುದಿಲ್ಲ. ಯಾವ ಕೆಲಸ ಯಾರಿಗೆ ದಾಟಿಸಬೇಕು ಎಂಬುದಷ್ಟೇ ಉಳಿಯುತ್ತದೆ.

ಆಮೇಲೆ ಕೇಳುವುದು ಒಂದೇ ಕೆಲಸ, ಸಮಯ ಸಮೇತ. 'ಸ್ವಲ್ಪ ಹೆಲ್ಪ್ ಮಾಡು' ಎಂದರೆ ಅದಕ್ಕೆ ಅಳತೆ ಇಲ್ಲ. 'ಬೆಳಗ್ಗೆ ನೀನು ಹೋಗುವ ಮೊದಲು ಪಾತ್ರೆ ಎಲ್ಲ ತೊಳೆದಿರಬೇಕು, ಕುಕ್ಕರ್ ಬಾಣಲೆ ಸೇರಿ. ರಾತ್ರಿ ಎಂಜಲು ಕಸಕ್ಕೆ ಹಾಕಿ ನೀರು ತುಂಬಿಸಿಟ್ಟರೆ ಸಾಕು' ಎಂದರೆ ಅವನಿಗೆ ಹೂಂ ಅಥವಾ ಊಹೂಂ ಅನ್ನಬಹುದು. ರಾತ್ರಿ ಹನ್ನೆರಡಕ್ಕೆ ತೊಳೆಯಲು ಹೇಳಿದರೆ ಅವನಿಂದ ಆಗದು, ಬೆಳಗ್ಗೆ ಒಂಬತ್ತಕ್ಕೆ ಆಗುತ್ತದೆ. ಪಾತ್ರೆ ಅವನಿಗೆ ಹೋದರೆ ಅವನ ಪಾಲು 250 ಆಯಿತು. ಡ್ರೈವರ್ ವಾರಕ್ಕೆ ಎರಡು ದಿನ ಅಡುಗೆ ಒಪ್ಪಿಕೊಂಡರೆ 275. ಆಫೀಸಿನವನಿಗೆ ನಾಲ್ಕು ದಿನದ ಅಡುಗೆ, 300. ಪೂರ್ತಿ ಸಮ ಅಲ್ಲ, ಆದರೆ ಯಾರೂ ತಕರಾರು ಎತ್ತುವಷ್ಟು ವ್ಯತ್ಯಾಸವೂ ಇಲ್ಲ. ಇದನ್ನು ಫ್ರಿಜ್ಜಿನ ಮೇಲೆ ಅಂಟಿಸಿ, ಎರಡು ವಾರ ನೋಡುವಾ ಎಂದು ಶುರು ಮಾಡಿದರೆ ಒಪ್ಪುವುದು ಸುಲಭ.

ಒಂದು ದಿನ ತಪ್ಪಿದರೆ? ಬಾಯಿಮುಚ್ಚಿ ತಾನೇ ತೊಳೆದುಬಿಡುವುದು ಹಳೆಯ ದಾರಿ, ಬೇಸರ ಹುಟ್ಟಿದ್ದೇ ಅಲ್ಲಿ. ಮೂರು ಸಲ ನೆನಪಿಸಿದರೆ ಅದು ಕಿರಿಕಿರಿ. ಒಮ್ಮೆ, ಅವನಿಗೊಬ್ಬನಿಗೆ ಕೇಳಬೇಕು: 'ನಿನ್ನೆ ಡ್ಯೂಟಿ ಜಾಸ್ತಿ ಆಯ್ತಾ? ಪಾತ್ರೆ ನಾನು ತೊಳೆದೆ, ನಾಳೆ ಕಸ ನೀನು ನೋಡ್ತೀಯಾ?' ಬದಲಿಗೆ ಬದಲಿ ಆದರೆ ಮನಸ್ಸಿನಲ್ಲಿ ಬಾಕಿ ಉಳಿಯುವುದಿಲ್ಲ. ವಾರದಲ್ಲಿ ಮೂರು ಸಲ ತಪ್ಪಿದರೆ ಮನುಷ್ಯನನ್ನು ದೂರುವ ಮೊದಲು ಪಟ್ಟಿ ಅವನ ಡ್ಯೂಟಿಗೆ ಹೊಂದುತ್ತದಾ ಎಂದು ಮತ್ತೆ ನೋಡಬೇಕು.

ಪಟ್ಟಿ ವರ್ಷವಿಡೀ ಒಂದೇ ಇರಲೂ ಆಗದು. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಹಾಗಾಗಿ ಸೈಟಿನವರ ಡ್ಯೂಟಿ ನಸುಕಿಗೇ ಶುರುವಾಗಬಹುದು. ರಮದಾನಿನಲ್ಲಿ ಮುಸ್ಲಿಂ ಕೆಲಸಗಾರರಿಗೆ ದಿನಕ್ಕೆ ಆರು ಗಂಟೆಯೇ ಮಿತಿ, ಇಫ್ತಾರ್, ಸಹರಿಯ ಅಡುಗೆಯೂ ಬೇರೆ. ಇವೆರಡಕ್ಕೂ ಮೊದಲಿನ ಶುಕ್ರವಾರ ಹೊಸದಾಗಿ ಬರೆದುಕೊಂಡರೆ ಒಳ್ಳೆಯದು.

ಕೆಲವು ಕಡೆ ನೇರ ಕೇಳುವುದೇ ಕಷ್ಟ. ರೂಮ್‌ಮೇಟ್ ವೀಸಾ ಕೊಡಿಸಿದ ಅಣ್ಣ ಆಗಿರಬಹುದು, ಅಕ್ಕನ ಗಂಡ ಆಗಿರಬಹುದು. ಅಲ್ಲಿ ಸಮಪಾಲು ಕೇಳುವ ಬದಲು, 'ಅಣ್ಣ, ಅಡುಗೆ ನಾನು ನೋಡ್ತೇನೆ, ಸಾಮಾನು ತರುವುದು ನಿಮಗೆ ಆಗ್ತದಾ?' ಎಂದು ಅವರ ಮರ್ಯಾದೆಗೆ ಹೊಂದುವ ಕೆಲಸ ಕೇಳಬಹುದು. ಮೈಬಗ್ಗಿಸಲು ಆಗದವರು ಮೆಸ್ಸಿಗೆ ಹೆಚ್ಚು ಹಣ ಹಾಕುತ್ತೇನೆ ಎಂದರೆ ಅದೂ ಸರಿಯೇ, ಆದರೆ ಎಷ್ಟು ರಿಯಾಲ್ ಎಂದು ಮೊದಲೇ ಮಾತಾಗಬೇಕು. ಕಂಪನಿ ಕ್ಯಾಂಪಿನಲ್ಲಿ ಕ್ಲೀನಿಂಗಿಗೆ ಜನ ಇದ್ದೂ ಬಾರದಿದ್ದರೆ ರೂಮಿನವನ ಜೊತೆ ಜಗಳ ಮಾಡಿ ಫಲವಿಲ್ಲ, ಕ್ಯಾಂಪ್ ಬಾಸ್‌ಗೆ ಹೇಳಬೇಕು.

ಕೇಳಿ, ಬರೆದು, ಎರಡು ಸಲ ಬದಲಿಸಿಯೂ ಒಬ್ಬ ಕೈ ಹಾಕದಿದ್ದರೆ ಅಡುಗೆ ಬೇರೆ ಮಾಡಿಕೊಂಡು, ರೂಮ್ ಮಾತ್ರ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಒಲೆ ಎರಡಾದರೂ ಊರಿಗೆ ಹೋದಾಗ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಷ್ಟು ಮಾತು ಉಳಿಯುತ್ತದೆ.