ಗುಡ್ಡೆ ತಣ್ಣಗಾದರೆ ಗೊಬ್ಬರ ಕಳಿತಂತೆಯೇ?

ಕಾಂಪೋಸ್ಟ್ ಆಯಿತೋ ಇಲ್ಲವೋ ಎಂದು ತಿಳಿಯಲು ಬಹುಕಾಲ ಇದ್ದ ಸಾಧನ ಅಂಗೈ ಮಾತ್ರ. ಗುಡ್ಡೆಯೊಳಗೆ ಕೈ ತೂರಿಸಿದರೆ ಬಿಸಿ ತಾಗಬಾರದು, ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. 1920ರ ದಶಕದಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ಕಾಂಪೋಸ್ಟ್ ತಯಾರಿಕೆಯನ್ನು ಕ್ರಮಕ್ಕೆ ತಂದಾಗ ಕೈಯ ಜಾಗಕ್ಕೆ ಥರ್ಮಾಮೀಟರ್ ಬಂತು. ಗುಡ್ಡೆ 60 ಡಿಗ್ರಿ ದಾಟಿ ಕಾಯುತ್ತದೆ, ಮಗುಚಿದಾಗ ಮತ್ತೆ ಬಿಸಿಯೇರುತ್ತದೆ, ಕೊನೆಗೆ ಮಗುಚಿದರೂ ಏರುವುದಿಲ್ಲ. ಉಷ್ಣತೆಯ ಈ ಏರಿಳಿತ ಇಂದಿಗೂ ಕಾಂಪೋಸ್ಟ್ ಘಟಕಗಳ ಮೊದಲ ದಾಖಲೆ.

ಆದರೆ ಉಷ್ಣತೆಯ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ. ನೀರು ಆರಿದರೂ, ಗಾಳಿ ಸಿಗದಿದ್ದರೂ ಗುಡ್ಡೆ ತಣ್ಣಗಾಗುತ್ತದೆ. ಸೂಕ್ಷ್ಮಜೀವಿಗಳ ಕೆಲಸ ನಿಂತಿರುತ್ತದೆ, ಮುಗಿದಿರುವುದಿಲ್ಲ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ರೂಪಿಸಿದ ‘ಬೆಂಗಳೂರು ವಿಧಾನ’ವನ್ನೇ ನೋಡಿ: ಊರಿನ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ತಿಂಗಳುಗಟ್ಟಲೆ ಬಿಡುತ್ತಾರೆ. ಮೊದಮೊದಲಿನ ಕಾವು ಇಳಿದ ಮೇಲೂ ಅಲ್ಲಿ ಕೊಳೆಯುವುದು ಬಹಳ ಬಾಕಿ ಇರುತ್ತದೆ.

ಈ ತೊಡಕಿಗೆ ಜರ್ಮನಿಯಲ್ಲಿ ಸಿಕ್ಕ ಪರಿಹಾರ ಸರಳ. ಗೊಬ್ಬರದ ಮಾದರಿಗೆ ಸರಿಯಾಗಿ ತೇವ ಕೊಟ್ಟು ಥರ್ಮಾಸ್ ಫ್ಲಾಸ್ಕಿನಲ್ಲಿ ತುಂಬಿಟ್ಟು ಕೆಲವು ದಿನ ಕಾಯುತ್ತಾರೆ. ಕೋಣೆಯ ಉಷ್ಣತೆಗಿಂತ 10 ಡಿಗ್ರಿಯೊಳಗೆ ಏರಿದರೆ ಐದನೆಯ, ಅಂದರೆ ಪೂರ್ತಿ ಕಳಿತ ದರ್ಜೆ. 40 ಡಿಗ್ರಿಗೂ ಹೆಚ್ಚು ಏರಿದರೆ ಹಸಿ ಕಸಕ್ಕೆ ಸಮನಾದ ಮೊದಲ ದರ್ಜೆ. ಒಣಗಿ ಸುಮ್ಮನಾಗಿದ್ದ ಗುಡ್ಡೆ ಇಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಬೇರಿಗೆ ಇದು ಒಗ್ಗುತ್ತದೆಯೇ ಎಂಬುದನ್ನು ಫ್ಲಾಸ್ಕ್ ಹೇಳಲಾರದು. ಅರ್ಧ ಕಳಿತ ಗೊಬ್ಬರದಲ್ಲಿ ಅಸಿಟಿಕ್ ಆಮ್ಲ, ಅಮೋನಿಯಾ ಉಳಿದಿರುತ್ತವೆ. 1981ರಲ್ಲಿ ಇಟಲಿಯ ಜುಕೋನಿ ಮತ್ತು ಸಂಗಡಿಗರು ಆ ಪ್ರಶ್ನೆಯನ್ನು ಬೀಜಕ್ಕೇ ಕೇಳಿದರು. ಅವರು ಆರಿಸಿದ್ದು ಬೇಗ ಮೊಳೆಯುವ ಕ್ರೆಸ್, ಅಂದರೆ ನಮ್ಮಲ್ಲಿ ಬಾಣಂತಿಯರಿಗೆ ಉಂಡೆ ಕಟ್ಟುವ ಅಳವಿ ಬೀಜ. ಗೊಬ್ಬರವನ್ನು ನೀರಿನಲ್ಲಿ ಕಲಕಿ ಸೋಸಿದ ತಿಳಿಯಲ್ಲಿ ಒಂದಿಷ್ಟು, ಬರೀ ಬಟ್ಟಿ ಇಳಿಸಿದ ನೀರಿನಲ್ಲಿ ಇನ್ನೊಂದಿಷ್ಟು ಬೀಜ ಇಟ್ಟು, ಮೊಳಕೆಗಳನ್ನು ಎಣಿಸಿ ಬೇರನ್ನು ಅಳೆಯುವುದು ಕ್ರಮ.

ಒಂದು ಲೆಕ್ಕ ನೋಡೋಣ. ನೀರಿನಲ್ಲಿ 20 ಬೀಜಗಳ ಪೈಕಿ 18 ಮೊಳೆತವು, ಬೇರಿನ ಸರಾಸರಿ ಉದ್ದ 40 ಮಿಲಿಮೀಟರ್. ಗೊಬ್ಬರದ ತಿಳಿಯಲ್ಲಿ 16 ಮೊಳೆತವು, ಬೇರು 22 ಮಿಲಿಮೀಟರ್. ಮೊಳಕೆಯೊಂದನ್ನೇ ಎಣಿಸಿದರೆ ಶೇ. 89, ಗೊಬ್ಬರ ಪಾಸು! ಆದರೆ ಬೇರಿನ ಉದ್ದದಲ್ಲಿ ಶೇ. 55 ಮಾತ್ರ. ಎರಡನ್ನೂ ಗುಣಿಸಿದರೆ ಸೂಚ್ಯಂಕ ಸುಮಾರು 49. ಸಾಮಾನ್ಯವಾಗಿ 50ಕ್ಕಿಂತ ಕೆಳಗಿದ್ದರೆ ವಿಷಕಾರಿ, 80 ದಾಟಿದರೆ ನಿರಪಾಯ ಎಂದು ಎಣಿಸುತ್ತಾರೆ. ಕಾಳಿನೊಳಗಿನ ಆಹಾರದ ಬಲದಿಂದ ಬೀಜ ಹೇಗೋ ಒಡೆಯುತ್ತದೆ. ಪೆಟ್ಟು ತಿನ್ನುವುದು ಹೊರಬಂದ ಬೇರು. ಈ ಪರೀಕ್ಷೆಗೂ ಒಂದು ಕುರುಡುತನವಿದೆ: ಬೇರು ಕುಗ್ಗಿದ್ದು ಆಮ್ಲದಿಂದಲೋ ಉಪ್ಪಿನಿಂದಲೋ ಗೊತ್ತಾಗುವುದಿಲ್ಲ. ಗೊಬ್ಬರವನ್ನು ತೇವದಲ್ಲಿ, ಗಾಳಿಯಾಡುವಂತೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆಮ್ಲವಾಗಿದ್ದರೆ ಸೂಚ್ಯಂಕ ಏರುತ್ತದೆ, ಉಪ್ಪಾಗಿದ್ದರೆ ಅಲ್ಲೇ ನಿಲ್ಲುತ್ತದೆ.

ಕಾಲ ಕೊಟ್ಟರೆ ಸುಧಾರಿಸುವ ದೋಷಗಳ ಕಥೆ ಇಲ್ಲಿಗೆ ಮುಗಿಯಿತು. ಭಾರಲೋಹದ ಲೆಕ್ಕ ಇದಕ್ಕೆ ತದ್ವಿರುದ್ಧ. ಒಣತೂಕದ 1000 ಕಿಲೋ ಕಸದಲ್ಲಿ ಕಿಲೋಗೆ 60 ಮಿಲಿಗ್ರಾಂ ಸೀಸ ಇದೆ ಎನ್ನಿ. ಕಳಿಯುತ್ತ ಅರ್ಧ ಭಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋದರೆ ಉಳಿಯುವ 500 ಕಿಲೋದಲ್ಲಿ ಸೀಸ ಕಿಲೋಗೆ 120 ಮಿಲಿಗ್ರಾಂ. ಭಾರತದ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟಿಗೆ ಇಟ್ಟಿರುವ ಮಿತಿ 100, ಕ್ಯಾಡ್ಮಿಯಂಗೆ 5. ಚೆನ್ನಾಗಿ ಕಳಿತಷ್ಟೂ ಲೋಹ ಸಾಂದ್ರವಾಗುತ್ತದೆ. ಬೀಜದ ಪರೀಕ್ಷೆಯಲ್ಲಿ ಗೆದ್ದ ಗೊಬ್ಬರವೂ ಇಲ್ಲಿ ಸೋಲಬಹುದು, ಏಕೆಂದರೆ ಲೋಹದ ಬಹುಪಾಲು ನೀರಿಗೆ ಇಳಿಯದೆ ಗೊಬ್ಬರಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿ ಪ್ರಯೋಗಾಲಯದಲ್ಲಿ ಮಾದರಿಯನ್ನು ಪ್ರಬಲ ಆಮ್ಲದಲ್ಲಿ ಕರಗಿಸಿಯೇ ಅಳೆಯುತ್ತಾರೆ. ಭೋಪಾಲದ ಭಾರತೀಯ ಮಣ್ಣು ವಿಜ್ಞಾನ ಸಂಸ್ಥೆಯವರು 29 ನಗರಗಳ ಕಾಂಪೋಸ್ಟನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆರಕೆ ಕಸದಿಂದ ಮಾಡಿದ ಗೊಬ್ಬರದಲ್ಲೇ ಲೋಹದ ಅಂಶ ಹೆಚ್ಚಿತ್ತು. ಘಟಕದಲ್ಲಿ ಎಷ್ಟು ಮಗುಚಿದರೂ ಇದು ಸರಿಹೋಗದು. ಮನೆಬಾಗಿಲಲ್ಲೇ ಕಸ ಬೇರೆಯಾಗಬೇಕು.

ಪ್ಲಾಸ್ಟಿಕ್ ಚೂರಿನ ಪರೀಕ್ಷೆ ಸರದಿಯಲ್ಲಿ ಕೊನೆಗೆ ಬಂದದ್ದು, ಇನ್ನೂ ಪಕ್ವವಾಗಿಲ್ಲ. ಮಾದರಿಯನ್ನು ಒಣಗಿಸಿ 2 ಮಿಲಿಮೀಟರ್ ಜರಡಿ ಹಿಡಿದು, ಮೇಲೆ ಉಳಿದ ಗಾಜು, ಲೋಹ, ಪ್ಲಾಸ್ಟಿಕ್ಕನ್ನು ಕೈಯಿಂದ ಆರಿಸಿ ತೂಗುವುದು ಯುರೋಪಿನ ರೂಢಿ. ಅಲ್ಲಿನ 2019ರ ನಿಯಮ ಮೊದಲಿಗೆ ಇಟ್ಟ ಮಿತಿಯಂತೆ ಕಿಲೋ ಒಣಗೊಬ್ಬರಕ್ಕೆ ಇವು ಒಂದೊಂದೂ 3 ಗ್ರಾಂ ಮೀರಬಾರದಿತ್ತು. ತೂಕದ ಲೆಕ್ಕದಲ್ಲಿ ಗಾಜಿನ ಚೂರೊಂದು ಎದ್ದು ಕಾಣುತ್ತದೆ, ಕ್ಯಾರಿಬ್ಯಾಗಿನ ಹಾಳೆ ಗುಡ್ಡೆಯೆಲ್ಲ ಹರಡಿದ್ದರೂ ತಕ್ಕಡಿ ಅಲುಗದು. ಅದಕ್ಕೇ ಜರ್ಮನಿಯ ಗುಣಮಟ್ಟ ಪದ್ಧತಿಯಲ್ಲಿ ಚೂರುಗಳನ್ನು ಹರಡಿಟ್ಟು ಅವುಗಳ ವಿಸ್ತೀರ್ಣವನ್ನೂ ಅಳೆಯುತ್ತಾರೆ. 2018ರಲ್ಲಿ ಬೈರೋಯ್ಟ್ ವಿಶ್ವವಿದ್ಯಾಲಯದ ತಂಡ ಮಾರಾಟಕ್ಕೆ ಸಿದ್ಧವಾದ ಗೊಬ್ಬರದಲ್ಲೂ ಪ್ಲಾಸ್ಟಿಕ್ ಕಣ ಕಂಡಿತು, ಅದೂ 1 ಮಿಲಿಮೀಟರಿಗಿಂತ ದೊಡ್ಡವನ್ನು ಮಾತ್ರ ಹುಡುಕಿ. ಅದಕ್ಕಿಂತ ಸಣ್ಣವು ಜರಡಿಯಿಂದಲೂ ಆರಿಸುವ ಬೆರಳಿನಿಂದಲೂ ಜಾರುತ್ತವೆ. ಕಸವನ್ನು ಮೊದಲೇ ಯಂತ್ರದಲ್ಲಿ ಕತ್ತರಿಸುವ ಘಟಕದಲ್ಲಂತೂ ಅಂಥ ಚೂರುಗಳೇ ಹೆಚ್ಚು. ಅಲ್ಲಿ ಜರಡಿಯ ಮೇಲೆ ಏನೂ ಉಳಿಯದಿದ್ದರೆ ಗೊಬ್ಬರ ಶುದ್ಧವೆಂದು ಬರೆದುಕೊಳ್ಳುವಂತಿಲ್ಲ.